ಡಾಕ್ಟರು ಮತ್ತೆ ಯಾವಾಗ ಸಿಗುತ್ತಾರೆ?

ದೀಪಾವಳಿಯ ವಾರ ಮಲೆನಾಡಿನ ಯಾವುದಾದರೂ ತಾಲ್ಲೂಕು ಪಟ್ಟಣದ ಪೇಟೆಬೀದಿಯಲ್ಲಿ ನಡೆದು ಹೋದರೆ, ಮುಚ್ಚಿದ ಕ್ಲಿನಿಕ್ಕುಗಳ ಶಟರಿನ ಮೇಲೆ ಹೆಚ್ಚುಕಡಿಮೆ ಒಂದೇ ನೋಟಿಸು ಕಾಣುತ್ತದೆ. ‘ದೀಪಾವಳಿ ಹಬ್ಬದ ಪ್ರಯುಕ್ತ ಮೂರು ದಿನ ಕ್ಲಿನಿಕ್ಕಿಗೆ ರಜೆ ಇರುತ್ತದೆ. ಎಲ್ಲರಿಗೂ ಹಬ್ಬದ ಶುಭಾಶಯಗಳು.’ ನೋಟ್‌ಬುಕ್ಕಿನ ಹಾಳೆ, ಸ್ಕೆಚ್ ಪೆನ್ನಿನ ಅಕ್ಷರ, ನಾಲ್ಕು ಮೂಲೆಗೆ ಟೇಪು. ಅದರ ಮುಂದೆ ನಿಂತವರಿಗೆ ಬೇಕಾಗಿರುವ ಉತ್ತರಗಳು ಮೂರೇ. ಡಾಕ್ಟರು ಮತ್ತೆ ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ? ಅಲ್ಲಿಯವರೆಗೆ ನಾವು ಎಲ್ಲಿಗೆ ಹೋಗಬೇಕು? ಇದನ್ನು ಮನೆ ಬಿಡುವ ಮೊದಲೇ ತಿಳಿಯುವ ದಾರಿ ಇರಲಿಲ್ಲವೇ? ಆ ನೋಟಿಸಿನಲ್ಲಿ ಮೂರಕ್ಕೂ ಉತ್ತರವಿಲ್ಲ. ಕ್ಲಿನಿಕ್ ಮುಚ್ಚಿದೆ ಎಂದು ಅದು ಹೇಳುತ್ತದೆ. ಅದನ್ನು ಶಟರೇ ಹೇಳುತ್ತಿದೆ.

ಒಬ್ಬರೇ ಡಾಕ್ಟರು, ಒಬ್ಬ ಕಾಂಪೌಂಡರ್, ಹೆಚ್ಚೆಂದರೆ ಒಬ್ಬ ನರ್ಸ್ ಇರುವ ಕ್ಲಿನಿಕ್ಕಿಗೆ ಬದಲಿ ವ್ಯವಸ್ಥೆ ಇರುವುದಿಲ್ಲ. ಡಾಕ್ಟರು ಊರಿಗೆ ಹೋದರೆ ಬಾಗಿಲು ಮುಚ್ಚಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳ್ಳಿಯಿಂದ ಬರುವವರಿಗೆ ಮುಚ್ಚಿದ ಬಾಗಿಲು ಎಂದರೆ ಒಂದು ದಿನದ ಕೂಲಿ, ಹೋಗಿಬರುವ ಬಸ್ ಚಾರ್ಜು, ಜೊತೆಗೆ ಬಂದವರ ಒಂದು ದಿನದ ಕೆಲಸ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಇರುವ ಊರಿನವರಾದರೆ ಸಂಜೆಯವರೆಗೂ ಜ್ವರ ಬಂದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು.

ವೈದ್ಯರ ವೃತ್ತಿಯ ನಿಯಮಗಳಲ್ಲೂ ಈ ವಿಷಯಕ್ಕೆ ಜಾಗವಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡವಳಿಕೆಯ ನಿಯಮಗಳು ವೈದ್ಯರು ಜಾಹೀರಾತು ಹಾಕಿ ರೋಗಿಗಳನ್ನು ಸೆಳೆಯುವುದನ್ನು ತಡೆಯುತ್ತವೆ. ಆದರೂ ಕೆಲವು ಸಂಗತಿಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದೆಂದು ಅವೇ ನಿಯಮಗಳು ಹೇಳುತ್ತವೆ. ಹೊಸದಾಗಿ ವೃತ್ತಿ ಆರಂಭಿಸಿದ್ದು, ವಿಳಾಸ ಬದಲಾದದ್ದು, ಶುಲ್ಕ ಎಷ್ಟೆಂಬುದು ಆ ಪಟ್ಟಿಯಲ್ಲಿವೆ. ಅವುಗಳ ಜೊತೆಗೇ ತಾತ್ಕಾಲಿಕವಾಗಿ ಕೆಲಸದಲ್ಲಿ ಇರುವುದಿಲ್ಲ ಎಂಬ ಪ್ರಕಟಣೆಯೂ ಇದೆ. ಚಿಕಿತ್ಸೆಗೆ ಒಪ್ಪಿಕೊಂಡ ರೋಗಿಯನ್ನು ಅವರಿಗೂ ಅವರ ಮನೆಯವರಿಗೂ ಸಾಕಷ್ಟು ಮುಂಚಿತವಾಗಿ ತಿಳಿಸದೆ ಕೈಬಿಡಬಾರದು ಎಂಬ ಮಾತೂ ಅದೇ ನಿಯಮಗಳಲ್ಲಿದೆ. ನಾಲ್ಕು ದಿನದ ಹಬ್ಬದ ರಜೆಯನ್ನು ಕೈಬಿಡುವುದು ಎಂದು ಯಾರೂ ಕರೆಯುವುದಿಲ್ಲ. ಆದರೆ ಮುಂಚಿತವಾಗಿ ತಿಳಿಸುವ ಹೊಣೆ ಯಾರದ್ದು ಎಂಬುದರಲ್ಲಿ ಅನುಮಾನವಿಲ್ಲ.

2025ರ ದೀಪಾವಳಿಯನ್ನೇ ಉದಾಹರಣೆಗೆ ತೆಗೆದುಕೊಂಡು ಒಂದು ನೋಟಿಸನ್ನು ಮೊದಲಿನಿಂದ ಕಟ್ಟಿ ನೋಡೋಣ. ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಬಲಿಪಾಡ್ಯಮಿ 22, ಬುಧವಾರ. ಎರಡೂ ಸರ್ಕಾರಿ ರಜೆ. ನಡುವಿನ ಅಮಾವಾಸ್ಯೆ ಸೋಮವಾರ ಮಧ್ಯಾಹ್ನ ಹಿಡಿದು ಮಂಗಳವಾರ ಸಂಜೆಗೆ ಬಿಟ್ಟದ್ದರಿಂದ ಲಕ್ಷ್ಮೀಪೂಜೆಯನ್ನು ಕೆಲವರು ಸೋಮವಾರ ಮಾಡಿದರು, ಕೆಲವರು ಮಂಗಳವಾರ ಮಾಡಿದರು. ಈಗ ‘ಹಬ್ಬದ ಪ್ರಯುಕ್ತ ಮೂರು ದಿನ’ ಎಂಬ ಮಾತನ್ನು ಓದಿ. ಯಾವ ಮೂರು ದಿನ? ಭಾನುವಾರ ಆ ಕ್ಲಿನಿಕ್ಕಿಗೆ ವಾರದ ರಜೆ ಎಂದಿಟ್ಟುಕೊಳ್ಳಿ. ಭಾನುವಾರ, ಸೋಮವಾರ, ಮಂಗಳವಾರ ಎಂದು ಎಣಿಸಿದವರು ಬುಧವಾರ ಬೆಳಿಗ್ಗೆ ಬಂದು ನಿಲ್ಲುತ್ತಾರೆ. ಸೋಮವಾರದಿಂದ ಎಣಿಸಿದವರು ಗುರುವಾರ ಬರುತ್ತಾರೆ. ಡಾಕ್ಟರ ಮನಸ್ಸಿನಲ್ಲಿದ್ದದ್ದು ಎರಡನೆಯ ಲೆಕ್ಕ. ನೋಟಿಸನ್ನು ಓದಿಕೊಂಡೇ ಬಂದವರಿಗೂ ಬಾಗಿಲು ಮುಚ್ಚಿರುತ್ತದೆ.

ಹಾಗಾಗಿ ಹಬ್ಬದ ಹೆಸರನ್ನು ನಂಬಿ ನೋಟಿಸು ಬರೆಯಬಾರದು. ತಾರೀಖು ಬೇಕು, ಪಕ್ಕದಲ್ಲೇ ವಾರವೂ ಬೇಕು. ತಾರೀಖಿನ ಲೆಕ್ಕದಲ್ಲಿ ಬದುಕುವವರಿದ್ದಾರೆ, ಸಂತೆಯ ದಿನದ ಲೆಕ್ಕದಲ್ಲಿ ಬದುಕುವವರೂ ಇದ್ದಾರೆ. ಎರಡೂ ಇದ್ದರೆ ಬರೆದವರ ಕೈತಪ್ಪು ಕೂಡ ಸಿಕ್ಕಿಬೀಳುತ್ತದೆ, ಏಕೆಂದರೆ ತಾರೀಖು ಮತ್ತು ವಾರ ಹೊಂದದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ರಂಜಾನ್‌ನಂಥ ಹಬ್ಬಕ್ಕೆ ಚಂದ್ರದರ್ಶನದ ಮೇಲೆ ದಿನ ಒಂದು ಹಿಂದೆ ಮುಂದೆ ಆಗಬಹುದು. ಆಗ ಎರಡರಲ್ಲಿ ಯಾವ ದಿನವಾದರೂ ಮುಚ್ಚಿರಬಹುದು ಎಂದು ಎರಡು ತಾರೀಖನ್ನೂ ಬರೆದುಬಿಡುವುದೇ ನೇರ ದಾರಿ.

ಇನ್ನೊಂದು ಸೂಕ್ಷ್ಮವಿದೆ. ರಜೆ ಶುರುವಾಗುವ ಹಿಂದಿನ ದಿನವೂ, ಮುಗಿದ ಮರುದಿನವೂ ಸಾಮಾನ್ಯ ದಿನಗಳಲ್ಲ. ಶನಿವಾರ ಮಧ್ಯಾಹ್ನವೇ ಡಾಕ್ಟರು ಊರಿಗೆ ಹೊರಟರೆ ಅಂದು ಸಂಜೆ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ, ಆದರೆ ನೋಟಿಸಿನ ಪ್ರಕಾರ ರಜೆ ಇನ್ನೂ ಶುರುವಾಗಿರುವುದಿಲ್ಲ. ಗುರುವಾರ ರಾತ್ರಿ ಬಸ್ಸಿಗೆ ಡಾಕ್ಟರು ವಾಪಸು ಬರುವುದಾದರೆ ಗುರುವಾರ ತೆರೆಯುತ್ತದೆ ಎಂದು ಬರೆಯಲೇಬಾರದು. ಇನ್ನು ಮುಚ್ಚುವ ಹೊತ್ತು ಬೇರೆ, ಕೊನೆಯ ಟೋಕನ್ ಕೊಡುವ ಹೊತ್ತು ಬೇರೆ. ಮಧ್ಯಾಹ್ನ 1ರವರೆಗೆ ಎಂದು ಬರೆದರೆ ಜನ 12.55ಕ್ಕೆ ಬರುತ್ತಾರೆ, ಅದು ಅವರ ತಪ್ಪಲ್ಲ. ಹಬ್ಬದ ಹಿಂದಿನ ದಿನದ ನೂಕುನುಗ್ಗಲಿನಲ್ಲಿ ಟೋಕನ್ 12.30ಕ್ಕೇ ನಿಲ್ಲುವುದಾದರೆ ನೋಟಿಸಿನಲ್ಲಿ 12.30 ಇರಬೇಕು.

ಇಷ್ಟು ಯೋಚಿಸಿದ ಮೇಲೆ ನೋಟಿಸು ಹೀಗಾಗುತ್ತದೆ:

ಕ್ಲಿನಿಕ್ ಮತ್ತೆ ತೆರೆಯುವುದು: ಅಕ್ಟೋಬರ್ 23, ಗುರುವಾರ, ಬೆಳಿಗ್ಗೆ 10 ಗಂಟೆಗೆ.
ಅಕ್ಟೋಬರ್ 19 ಭಾನುವಾರದಿಂದ 22 ಬುಧವಾರದವರೆಗೆ, ನಾಲ್ಕು ದಿನ, ಬಾಗಿಲು ತೆರೆಯುವುದಿಲ್ಲ.
ಅಕ್ಟೋಬರ್ 18 ಶನಿವಾರ ಬೆಳಿಗ್ಗೆ ಮಾತ್ರ. ಕೊನೆಯ ಟೋಕನ್ 12.30ಕ್ಕೆ. ಸಂಜೆ ಇಲ್ಲ.
ಈ ದಿನಗಳಲ್ಲಿ ತುರ್ತು ಇದ್ದರೆ: ತಾಲ್ಲೂಕು ಆಸ್ಪತ್ರೆ, ಹಗಲೂ ರಾತ್ರಿಯೂ. ಆಂಬುಲೆನ್ಸಿಗೆ 108.
ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರು 17 ಶುಕ್ರವಾರದೊಳಗೆ ಬಂದು ಬರೆಸಿಕೊಳ್ಳಿ.

ತೆರೆಯುವ ದಿನವನ್ನು ಮೊದಲ ಸಾಲಿನಲ್ಲಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಶಟರಿನ ಮುಂದೆ ನಿಂತವರು ಓದುವುದು ಮೇಲಿನ ಒಂದೆರಡು ಸಾಲನ್ನು. ಓದಲು ಬಾರದವರು ಪಕ್ಕದ ಅಂಗಡಿಯವರನ್ನು ಕೇಳುವುದೂ ‘ಯಾವಾಗ ಬರ್ತಾರಂತೆ?’ ಎಂದೇ. ಶುಭಾಶಯವನ್ನು ಬಿಡಬೇಕಾಗಿಲ್ಲ, ಅದು ಕೊನೆಗೆ ಇರಲಿ. ದೀಪದ ಚಿತ್ರ, ಬಣ್ಣದ ಚೌಕಟ್ಟು ಹಾಕಿ ಮಾಡಿಸಿದ ಪೋಸ್ಟರುಗಳಲ್ಲಿ ತಾರೀಖೇ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಸಿಕ್ಕಿಕೊಂಡಿರುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರವೇ ಎಲ್ಲಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಬೀದರ್, ಬೆಳಗಾವಿ, ಬಳ್ಳಾರಿಯ ಕಡೆಯ ಊರುಗಳಲ್ಲಿ ಉರ್ದು, ಮರಾಠಿ, ತೆಲುಗಿನಲ್ಲೂ ಆ ಮೊದಲ ಸಾಲು ಇದ್ದರೆ ಅಷ್ಟೇ ಸಾಕು. ಉಳಿದದ್ದನ್ನು ಅಂಕಿಗಳೇ ಹೇಳುತ್ತವೆ.

ಕೊನೆಯ ಸಾಲಿನಲ್ಲಿ ಮಾತ್ರೆಯ ವಿಷಯ ಏಕೆ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಇಡೀ ವಿಷಯದಲ್ಲಿ ನಿಜವಾಗಿ ಅಪಾಯವಿರುವುದು ಅಲ್ಲೇ. ಬಿಪಿ ಮತ್ತು ಶುಗರಿನವರಿಗೆ ಸಾಮಾನ್ಯವಾಗಿ ಒಂದು ತಿಂಗಳಿಗೆ ಮಾತ್ರೆ ಬರೆದುಕೊಡುತ್ತಾರೆ. ಸೆಪ್ಟೆಂಬರ್ 20ರಂದು 30 ದಿನದ ಮಾತ್ರೆ ಶುರು ಮಾಡಿದವರಿಗೆ ಕೊನೆಯ ಮಾತ್ರೆ ಅಕ್ಟೋಬರ್ 19ಕ್ಕೆ ಮುಗಿಯುತ್ತದೆ. ಮರುದಿನ ನರಕ ಚತುರ್ದಶಿ. ಕ್ಲಿನಿಕ್ ಮುಚ್ಚಿದೆ, ಹಬ್ಬದ ದಿನ ಪಕ್ಕದ ಮೆಡಿಕಲ್ ಶಾಪೂ ಅರ್ಧ ದಿನವೇ. 23ರ ಗುರುವಾರ ಡಾಕ್ಟರು ಸಿಗುವಷ್ಟರಲ್ಲಿ ಮೂರು ದಿನ ಮಾತ್ರೆಯಿಲ್ಲದೆ ಕಳೆದಿರುತ್ತದೆ, ಅದೂ ಹೋಳಿಗೆ ಕಜ್ಜಾಯದ ಮೂರು ದಿನ. ಥೈರಾಯ್ಡಿನ ಮಾತ್ರೆ ಒಂದೆರಡು ದಿನ ತಪ್ಪಿದರೆ ದೊಡ್ಡ ತೊಂದರೆಯೇನೂ ಆಗಲಾರದು. ಮೂರ್ಛೆರೋಗದ ಮಾತ್ರೆ ಹಾಗಲ್ಲ, ಅದು ಇದ್ದಕ್ಕಿದ್ದಂತೆ ನಿಂತರೆ ಫಿಟ್ಸ್ ಮರುಕಳಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಒಂದು ಹೊತ್ತೂ ಬಿಡುವಂತಿಲ್ಲ.

ಇದಕ್ಕೆ ಒಂದು ವಾರ ಮೊದಲು ಹಾಕಿದ ನೋಟಿಸು ಸಾಲದು. ತಿಂಗಳಿಗೊಮ್ಮೆ ಬರುವವರು ಆ ವಾರ ಬರುವುದೇ ಇಲ್ಲವಲ್ಲ! ಅವರು ಸೆಪ್ಟೆಂಬರಿನಲ್ಲಿ ಬಂದಾಗಲೇ ಡಾಕ್ಟರು ಗೋಡೆಯ ಪಂಚಾಂಗವನ್ನು ನೋಡಿ 30 ದಿನದ ಬದಲು 35 ದಿನಕ್ಕೆ ಬರೆದುಕೊಡಬೇಕು, ಚೀಟಿಯ ಮೇಲೆ ಮುಂದಿನ ತಾರೀಖಾಗಿ ಅಕ್ಟೋಬರ್ 23 ಎಂದು ಹಾಕಬೇಕು. ಅಂದರೆ ರಜೆಯ ಮೊದಲ ನೋಟಿಸು ಔಷಧಿ ಚೀಟಿಯೇ. ಗೋಡೆಯ ಮೇಲಿನದು ಎರಡನೆಯದು, ಅದು ಹದಿನೈದು ದಿನಕ್ಕೋ ವಾರಕ್ಕೋ ಒಮ್ಮೆ ಬರುವವರಿಗಾಗಿ. ಹತ್ತು ದಿನ ಮೊದಲು ಹಾಕಿದರೆ ಅವರಿಗೆ ಸರಿಹೋಗುತ್ತದೆ.

ನಾಯಿ ಕಚ್ಚಿದವರ ಲೆಕ್ಕ ಇನ್ನೂ ಬಿಗಿ. ರೇಬೀಸ್ ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಐದು ಡೋಸು. ಮೊದಲನೆಯದನ್ನು ಕೊಟ್ಟ ದಿನವನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ 3, 7, 14 ಮತ್ತು 28ನೇ ದಿನ ಉಳಿದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮವಿದೆ, ಅದಕ್ಕೆ 0, 3, 7 ಮತ್ತು 28, ನಾಲ್ಕು ಭೇಟಿ. ಅಕ್ಟೋಬರ್ 13ರ ಸೋಮವಾರ ಕ್ಲಿನಿಕ್ಕಿನಲ್ಲಿ ಮೊದಲ ಡೋಸು ಹಾಕಿಸಿಕೊಂಡ ಹುಡುಗನಿಗೆ ಎರಡನೆಯದು 16ರ ಗುರುವಾರ. ಮೂರನೆಯದು 20ರ ಸೋಮವಾರ. ಅಂದು ಬಾಗಿಲು ಮುಚ್ಚಿದೆ. ರಜೆ ಇದೆಯೆಂದು ಮೂರು ದಿನ ತಡಮಾಡುವ ಲಸಿಕೆ ಇದಲ್ಲ, ಏಕೆಂದರೆ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುವುದು ಬಹುತೇಕ ಅಸಾಧ್ಯ. ಹುಡುಗ ಅಂದು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು, ಆದರೆ ಅಲ್ಲಿ ಕೊಡುವ ಕ್ರಮ ಬೇರೆ. ಲಸಿಕೆಯನ್ನು ಸಾಧ್ಯವಾದಷ್ಟೂ ಒಂದೇ ಕ್ರಮದಲ್ಲಿ ಮುಗಿಸುವುದು ವಾಡಿಕೆ.

ಕ್ಯಾಲೆಂಡರ್ ನೋಡುವ ಡಾಕ್ಟರು ಇಲ್ಲಿ ಬೇರೆಯದೇ ತೀರ್ಮಾನ ಮಾಡುತ್ತಾರೆ. 13ರಂದು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ಹುಡುಗನನ್ನು ಮೊದಲ ಡೋಸಿಗೇ ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಾರೆ. ಎಲ್ಲ ಡೋಸೂ ಒಂದೇ ಕಡೆ, ಒಂದೇ ಕ್ರಮದಲ್ಲಿ ಮುಗಿಯುತ್ತದೆ. ಈಗಾಗಲೇ ಶುರು ಮಾಡಿದ್ದರೆ ಲಸಿಕೆಯ ಹೆಸರು, ಕೊಟ್ಟ ಕ್ರಮ ಮತ್ತು ತಾರೀಖುಗಳನ್ನು ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದು, 20ರಂದು ಎಲ್ಲಿಗೆ ಹೋಗಬೇಕೆಂದು ಹೇಳಿ, ಆ ಆಸ್ಪತ್ರೆಗೆ ತಾವೇ ಒಂದು ಫೋನ್ ಮಾಡುತ್ತಾರೆ. ಒಂದು ವೇಳೆ ಡೋಸು ತಪ್ಪಿಯೇ ಹೋದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಆದಷ್ಟು ಬೇಗ ಹಾಕಿಸಿಕೊಂಡು ಮುಂದುವರಿಯಬೇಕು. ಈ ಮಾತನ್ನು ಮೊದಲೇ ಹೇಳದಿದ್ದರೆ, ತಪ್ಪಿತಲ್ಲ ಇನ್ನೇನು ಪ್ರಯೋಜನ ಎಂದು ಕೈಬಿಡುವವರಿದ್ದಾರೆ.

ನೋಟಿಸಿನಲ್ಲಿ ತುರ್ತಿನ ಸಾಲು ಬರೆಯುವ ಮುನ್ನ ಕೂಡ ಒಂದು ಫೋನ್ ಬೇಕು. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗ ಹಬ್ಬದಲ್ಲೂ ನಡೆಯುತ್ತದೆ. ಆದರೆ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ 24 ಗಂಟೆಯವಲ್ಲ, ಊರಿನ ಇನ್ನೊಬ್ಬ ಡಾಕ್ಟರೂ ಅದೇ ದಿನ ಊರಿಗೆ ಹೊರಟಿರಬಹುದು. ಅವರನ್ನು ಕೇಳದೆ ಅವರ ಹೆಸರು ಬರೆದರೆ ರೋಗಿಗಳು ಎರಡು ಮುಚ್ಚಿದ ಬಾಗಿಲು ನೋಡಬೇಕಾಗುತ್ತದೆ. ಸಣ್ಣ ಊರುಗಳಲ್ಲಿ ಇಬ್ಬರು ಡಾಕ್ಟರು ಮಾತಾಡಿಕೊಂಡು ಒಬ್ಬರು ಅಮಾವಾಸ್ಯೆಯವರೆಗೆ, ಇನ್ನೊಬ್ಬರು ಪಾಡ್ಯಕ್ಕೆ ಇರುವಂತೆ ಹೊಂದಿಸಿಕೊಂಡರೆ ಎಷ್ಟೋ ಅನುಕೂಲ. ದೀಪಾವಳಿಯಲ್ಲಿ ಇದರ ಅಗತ್ಯ ಹೆಚ್ಚು, ಏಕೆಂದರೆ ಕ್ಲಿನಿಕ್ಕುಗಳು ಮುಚ್ಚುವ ದಿನಗಳಲ್ಲೇ ಪಟಾಕಿಯ ಸುಟ್ಟಗಾಯಗಳು ಬರುತ್ತವೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ವರ್ಷ ಈ ದಿನಗಳಲ್ಲಿ ಕಣ್ಣಿಗೆ ಕಿಡಿ ತಗುಲಿದ ಮಕ್ಕಳು ಬರುತ್ತಾರೆ. ಹಳ್ಳಿಯ ಮಗುವಿಗೆ ಹಾಗಾದಾಗ ಮೊದಲು ಓಡುವುದು ಪರಿಚಯದ ಕ್ಲಿನಿಕ್ಕಿಗೆ. ಆ ಗಾಬರಿಯಲ್ಲಿ ಓದಲು 108 ಎಂಬ ಮೂರು ಅಂಕಿ ಗೋಡೆಯ ಮೇಲೆ ದೊಡ್ಡದಾಗಿ ಇರಲೇಬೇಕು.

ಇನ್ನು ನೋಟಿಸನ್ನು ಎಲ್ಲಿ ಅಂಟಿಸಬೇಕು? ಸುಲಭದ ಪ್ರಶ್ನೆ ಎನಿಸುತ್ತದೆ, ಆದರೆ ಹೆಚ್ಚಿನ ಕ್ಲಿನಿಕ್ಕುಗಳು ಎಡವುವುದು ಇಲ್ಲೇ. ಒಳಗಿನ ಗಾಜಿನ ಬಾಗಿಲಿಗೆ ಅಂಟಿಸಿದ ನೋಟಿಸು ಶಟರು ಇಳಿದ ತಕ್ಷಣ ಮರೆಯಾಗುತ್ತದೆ. ಶಟರಿಗೇ ಅಂಟಿಸಿದ್ದು ಶಟರು ಎತ್ತಿದಾಗ ಸುರುಳಿಯೊಳಗೆ ಸೇರಿಕೊಂಡು, ರಜೆಗೆ ಮೊದಲಿನ ಹತ್ತು ದಿನ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಎರಡು ಪ್ರತಿ ಬೇಕು. ಒಂದು ಟೋಕನ್ ಕೊಡುವ ಮೇಜಿನ ಹತ್ತಿರ, ಕಾಯುವವರ ಕಣ್ಣಿನ ಎತ್ತರಕ್ಕೆ. ಇನ್ನೊಂದು ಶಟರಿನ ಪಕ್ಕದ ಗೋಡೆಯ ಮೇಲೆ, ತೆರೆದಾಗಲೂ ಮುಚ್ಚಿದಾಗಲೂ ಕಾಣುವಂತೆ. ಅಕ್ಟೋಬರಿನಲ್ಲಿ ಹಿಂಗಾರು ಮಳೆ ಇನ್ನೂ ಬಿಟ್ಟಿರುವುದಿಲ್ಲ, ಸ್ಕೆಚ್ ಪೆನ್ನಿನ ಶಾಯಿ ಒಂದೇ ಮಳೆಗೆ ಹರಡಿಹೋಗುತ್ತದೆ. ಮಾರ್ಕರಿನಲ್ಲಿ ಬರೆದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿದರೆ ನಾಲ್ಕು ದಿನ ತಡೆಯುತ್ತದೆ. ಮೂರನೆಯ ಪ್ರತಿಯನ್ನು ಪಕ್ಕದ ಮೆಡಿಕಲ್ ಶಾಪಿಗೆ ಕೊಡಬೇಕು, ಏಕೆಂದರೆ ಬಾಗಿಲು ಮುಚ್ಚಿದ್ದರೆ ಜನ ಕೇಳುವುದು ಅಲ್ಲೇ. ಓದಲಾರದವರಿಗಾಗಿ ಕಾಂಪೌಂಡರ್ ಟೋಕನ್ ಕೊಡುವಾಗ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಬೇಕು: ‘ಹಬ್ಬಕ್ಕೆ ನಾಲ್ಕು ದಿನ ಇರಲ್ಲ ಅಮ್ಮಾ, ಗುರುವಾರ ಬನ್ನಿ.’

ಫೋನಿನ ಮೂಲಕ ತಿಳಿಸುವುದಕ್ಕೂ ಅದರದೇ ಮಿತಿಗಳಿವೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ, ಹಾಗಾಗಿ ಶನಿವಾರ ಹಾಕಿದ್ದು ಸೋಮವಾರ ಇರುವುದಿಲ್ಲ. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ಕ್ಲಿನಿಕ್ಕಿನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಎಷ್ಟೋ ವೃದ್ಧರ ಹೆಸರಿನ ಮುಂದೆ ಬರೆದಿರುವುದು ಬೆಂಗಳೂರಿನಲ್ಲಿರುವ ಮಗನ ನಂಬರು, ಅವರ ಮನೆಗೆ ಸುದ್ದಿ ಮುಟ್ಟಬೇಕಾದರೆ ಆ ಮಗ ಫೋನ್ ಮಾಡಬೇಕು. ಸಂದೇಶದಲ್ಲಿ ‘ನಾಳೆಯಿಂದ ರಜೆ’ ಎಂದು ಎಂದಿಗೂ ಬರೆಯಬಾರದು. ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗಿ ಆ ಸಂದೇಶ ಮೂರನೆಯ ದಿನ ತಲುಪಿದವರಿಗೆ ನಾಳೆ ಎಂದರೆ ಬೇರೆಯೇ ದಿನ. ಹೋದ ವರ್ಷದ ಸಂದೇಶ ಈ ವರ್ಷ ಮತ್ತೆ ಹರಿದಾಡುವುದೂ ಉಂಟು, ಆದ್ದರಿಂದ ಇಸವಿಯೂ ಇರಲಿ. ವಾಟ್ಸಾಪ್ ಬಿಸಿನೆಸ್ ಬಳಸುವವರಿಗೆ Away message ಎಂಬ ಸೌಲಭ್ಯವಿದೆ. ಅದರಲ್ಲಿ 18ರ ಮಧ್ಯಾಹ್ನದಿಂದ 23ರ ಬೆಳಿಗ್ಗೆಯವರೆಗೆ ಎಂದು ಹೊತ್ತು ಗೊತ್ತುಮಾಡಿದರೆ, ಯಾರೇ ಸಂದೇಶ ಕಳಿಸಿದರೂ ಮರು ತೆರೆಯುವ ದಿನ ಮತ್ತು ತಾಲ್ಲೂಕು ಆಸ್ಪತ್ರೆಯ ವಿವರ ತಾನಾಗಿ ಹೋಗುತ್ತದೆ.

ಗೂಗಲ್ ಮ್ಯಾಪಿನಲ್ಲಿ ಕ್ಲಿನಿಕ್ಕಿನ ಹೆಸರಿದ್ದರೆ ಅಲ್ಲಿ ಎರಡು ಬಗೆಯ ಸಮಯ ತುಂಬಬಹುದು. ಮಾಮೂಲಿ ವಾರದ ಸಮಯ ಒಂದು, Special hours ಇನ್ನೊಂದು. ಹಬ್ಬದ ರಜೆಯನ್ನು ಎರಡನೆಯದರಲ್ಲೇ ಹಾಕಬೇಕು. ಹಾಕಿದ ದಿನಗಳು ಕಳೆದ ಮೇಲೆ ಮಾಮೂಲಿ ಸಮಯ ತಾನಾಗಿ ಮರಳಿ ಬರುತ್ತದೆ. ಮಾಮೂಲಿ ಸಮಯವನ್ನೇ ತಿದ್ದಿ ಮುಚ್ಚಿದೆ ಎಂದು ಹಾಕಿ, ವಾಪಸು ತಿದ್ದಲು ಮರೆತರೆ ತೆರೆದ ಕ್ಲಿನಿಕ್ಕನ್ನೇ ಮ್ಯಾಪು ವಾರಗಟ್ಟಲೆ ಮುಚ್ಚಿದೆ ಎಂದು ತೋರಿಸುತ್ತಿರುತ್ತದೆ.

ಕಾಯಂ ಆಗಿ ಸಮಯ ಬದಲಾಯಿಸುವುದು ರಜೆಗಿಂತ ಕಷ್ಟದ ಕೆಲಸ. ಸಂಜೆ 5ರಿಂದ 8 ಇದ್ದದ್ದು 6ರಿಂದ 9 ಆಯಿತು ಎಂದುಕೊಳ್ಳಿ. ಹಳೆಯ ಸಮಯ ಹೊರಗಿನ ಬೋರ್ಡಿನ ಮೇಲಿದೆ, ವಿಸಿಟಿಂಗ್ ಕಾರ್ಡಿನಲ್ಲಿದೆ, ಮ್ಯಾಪಿನಲ್ಲಿದೆ, ಮೆಡಿಕಲ್ ಶಾಪಿನವರ ನೆನಪಿನಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅಚ್ಚು ಹಾಕಿಸಿಟ್ಟ ಔಷಧಿ ಚೀಟಿಗಳ ತಲೆಬರಹದಲ್ಲಿದೆ. ಬೋರ್ಡಿಗೆ ಬಣ್ಣ ಹೊಡೆಸುತ್ತಾರೆ, ಚೀಟಿಗಳು ಮುಗಿಯಲಿ ಎಂದು ಬಿಡುತ್ತಾರೆ. ಹಳ್ಳಿಯ ಮನೆಯಲ್ಲಿ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿರುವುದು ಆ ಚೀಟಿಯನ್ನು. ಮುಂದಿನ ಸಲ ಹೊರಡುವಾಗ ಅವರು ನೋಡುವುದೂ ಅದನ್ನೇ. ಹೊಸ ಸಮಯದ ರಬ್ಬರ್ ಸ್ಟಾಂಪೊಂದನ್ನು ಮಾಡಿಸಿ, ಹಳೆಯ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸ್ಟಾಂಪು ಒತ್ತಿದರೆ ಕೆಲಸ ಮುಗಿಯಿತು. ಬದಲಾದ ಮೊದಲ ತಿಂಗಳು ಹಳೆಯ ಸಮಯಕ್ಕೂ ಕಾಂಪೌಂಡರ್ ಬಾಗಿಲು ತೆರೆದು ಕೂತಿರಬೇಕು. ಐದು ಗಂಟೆಗೆ ಬಂದವರಿಗೆ ಬೆಂಚು, ನೀರು, ಟೋಕನ್ ಇಷ್ಟು ಸಿಕ್ಕರೆ ಒಂದು ಗಂಟೆ ಕಾಯುವುದು ಯಾರಿಗೂ ಭಾರವಲ್ಲ.

ನೋಟಿಸು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಸುಲಭ. ರಜೆ ಮುಗಿದ ದಿನ ಮೆಡಿಕಲ್ ಶಾಪಿನವರನ್ನು, ಎದುರಿನ ಹೋಟೆಲಿನವರನ್ನು ಕೇಳಿದರೆ ಸಾಕು, ಯಾವ ದಿನ ಎಷ್ಟು ಜನ ಬಂದು ಹೋದರು, ಯಾವ ಕಡೆಯವರು ಎಂಬುದನ್ನು ಅವರು ಹೇಳುತ್ತಾರೆ. ಒಂದೇ ಊರಿನ ಕಡೆಯಿಂದ ಹೆಚ್ಚು ಜನ ಬಂದಿದ್ದರೆ ಮುಂದಿನ ಸಲ ಆ ಊರಿನ ಆಶಾ ಕಾರ್ಯಕರ್ತೆಗೋ, ಆ ದಾರಿಯ ಬಸ್ಸಿನ ಕಂಡಕ್ಟರಿಗೋ ಮೊದಲೇ ಹೇಳಿಡಬಹುದು. ಅದೇ ದಿನ ಹಳೆಯ ನೋಟಿಸನ್ನು ಕಿತ್ತುಹಾಕಬೇಕು. ಮೂರು ಹಬ್ಬಗಳ ನೋಟಿಸು ಒಂದರ ಪಕ್ಕ ಒಂದು ನೇತಾಡುವ ಗೋಡೆಯನ್ನು ಯಾರೂ ಓದುವುದಿಲ್ಲ.

ಓದುಗರಲ್ಲೂ ಒಂದು ಕೇಳಿಕೆ. ಹದಿನೈದು ದಿನ ಬಿಟ್ಟು ಬನ್ನಿ, ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿದಾಗ, ಅದು ಯಾವ ತಾರೀಖು, ಅಂದು ಕ್ಲಿನಿಕ್ ಇರುತ್ತದೆಯೇ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಅಲ್ಲೇ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಕ್ಲಿನಿಕ್ಕಿನ ಫೋನ್ ನಂಬರನ್ನು ನಿಮ್ಮ ಫೋನಿನಲ್ಲೂ, ಊರಿನಲ್ಲಿರುವ ತಂದೆತಾಯಿಯ ಫೋನಿನಲ್ಲೂ ಇವತ್ತೇ ಉಳಿಸಿಡಿ.